ಸಿಗರೇಟು ಬಿಟ್ಟರೆ ಹಲ್ಲು, ಚರ್ಮ, ಕೂದಲು ಮೊದಲಿನಂತಾಗುತ್ತಾ?

"ವಯಸ್ಸು 36, ಹದಿನೈದು ವರ್ಷದಿಂದ ಸೇದುತ್ತಿದ್ದೇನೆ. ಹಲ್ಲು ಕಂದು, ತುಟಿ ಸುತ್ತ ಗೆರೆ, ಕೂದಲು ತೆಳ್ಳಗಾಗ್ತಿದೆ. ಬಿಟ್ಟರೆ ಯಾವುದು ಸರಿಹೋಗುತ್ತೆ?"

ಹಲ್ಲಿನ ಕಂದು ಬಹುಪಾಲು ಹೊಗೆಯ ಟಾರ್. ಅದು ಪಾಚಿಗಟ್ಟಿದ ಕಡೆ ಜಾಸ್ತಿ ಅಂಟುತ್ತದೆ, ಕೆಳಗಿನ ಮುಂದಿನ ಹಲ್ಲುಗಳ ಒಳಬದಿಯನ್ನು ಕನ್ನಡಿಯಲ್ಲಿ ನೋಡಿ, ಗೊತ್ತಾಗುತ್ತೆ. ಮೊದಲು ದಂತವೈದ್ಯರ ಹತ್ತಿರ ಪಾಚಿ ಕೆರೆದು ತೆಗೆಯುವ ಸ್ಕೇಲಿಂಗ್, ಪಾಲಿಶ್ ಮಾಡಿಸಿ. ಆಮೇಲೂ ಹಳದಿ ಉಳಿದರೆ ಮಾತ್ರ ಬ್ಲೀಚಿಂಗ್ ಬಗ್ಗೆ ಕೇಳಿ. ಇದ್ದಿಲು ಪುಡಿ ಹಾಕಿ ಉಜ್ಜಬೇಡಿ, ಎನಾಮೆಲ್ ಸವೆದರೆ ಒಳಗಿನ ಹಳದಿ ಇನ್ನೂ ಎದ್ದು ಕಾಣುತ್ತೆ. ಇನ್ನೊಂದು ವಿಷಯ, ಸೇದುವವರ ವಸಡಿನಲ್ಲಿ ರೋಗ ಇದ್ದರೂ ರಕ್ತ ಅಷ್ಟಾಗಿ ಬರುವುದಿಲ್ಲ, ಬಿಟ್ಟ ಮೇಲೆ ಕೆಲವು ವಾರ ಜಾಸ್ತಿ ಬರಬಹುದು. ಅದನ್ನು ನೋಡಿ ಹೆದರಿ ಮತ್ತೆ ಸಿಗರೇಟು ಹಚ್ಚಬೇಡಿ, ವಸಡು ತೋರಿಸಿ.

ಚರ್ಮದಲ್ಲಿ ಎರಡು ಬೇರೆ ಬೇರೆ ಕಥೆ. ನಿಕೋಟಿನ್ ರಕ್ತನಾಳ ಬಿಗಿ ಮಾಡುವುದರಿಂದ ಬಂದ ಮಂಕು ಬಣ್ಣ, ಸಿಗರೇಟು ಬಿಟ್ಟ ಮೇಲೆ ನಿಧಾನವಾಗಿ ತಿಳಿಯಾಗುತ್ತದೆ. ಚರ್ಮವನ್ನು ಬಿಗಿಯಾಗಿಡುವ ಕೊಲಾಜೆನ್ ಒಡೆದು, ಜೊತೆಗೆ ಪ್ರತಿ ಸಲ ತುಟಿ ಸುಕ್ಕಿಸಿ ಎಳೆದು ಬಿದ್ದ ಗೆರೆ ಮಾತ್ರ ಪೂರ್ತಿ ಹೋಗುವುದಿಲ್ಲ. ದಿನಾ ಸನ್‌ಸ್ಕ್ರೀನ್, ರಾತ್ರಿ ವಿಟಮಿನ್ ಎ ಜಾತಿಯ ರೆಟಿನಾಯ್ಡ್ ಕ್ರೀಮು ಹಚ್ಚಿದರೆ ಒಂದಷ್ಟು ಮೃದುವಾಗಬಹುದು, ಅದೂ ತಿಂಗಳುಗಟ್ಟಲೆ ಹಚ್ಚಿದರೆ.

ಕೂದಲಿಗೆ ಸಿಗರೇಟೊಂದನ್ನೇ ದೂರಬೇಡಿ. ಹಣೆಯ ಎರಡು ಮೂಲೆ, ನೆತ್ತಿಯಲ್ಲಿ ಮಾತ್ರ ತೆಳುವಾಗಿದ್ದರೆ ಅದು ವಂಶದಿಂದ ಬಂದದ್ದೇ ಇರಬೇಕು, ಸೇದುವುದು ಅದಕ್ಕೆ ವೇಗ ಕೊಟ್ಟಿರಬಹುದು. ಸುಮ್ನೆ ಎಣ್ಣೆ ಬದಲಿಸುತ್ತಾ ಕೂರದೆ ಚರ್ಮವೈದ್ಯರಿಗೆ ತೋರಿಸಿ. ತಲೆಯ ಎಲ್ಲಾ ಕಡೆ ಕೂದಲು ಉದುರುತ್ತಿದ್ದರೆ ಥೈರಾಯ್ಡ್, ಕಬ್ಬಿಣದ ಅಂಶ ಎರಡನ್ನೂ ಪರೀಕ್ಷೆ ಮಾಡಿಸಿ.