ಮೊದಲು ಡೊಮೇನ್ ರಿನ್ಯೂ ಮಾಡಿಸಿ, ಲಾಗಿನ್ ಆಮೇಲೆ

ಪ್ರಶ್ನೆ: ನನ್ನ ಡಾಟ್ ಕಾಮ್ ಡೊಮೇನ್ ಎಕ್ಸ್‌ಪೈರ್ ಆಗಿದೆ. ರಿಜಿಸ್ಟ್ರಾರ್ ಅಕೌಂಟ್‌ಗೆ ಕೊಟ್ಟಿದ್ದು ಅದೇ ಡೊಮೇನಿನ ಇಮೇಲ್. ಪಾಸ್‌ವರ್ಡ್ ರಿಸೆಟ್ ಮೇಲ್ ಬರ್ತಾನೇ ಇಲ್ಲ. ಅಕೌಂಟ್ ವಾಪಸ್ ಪಡೆಯೋದು ಹೇಗೆ? ಇಲ್ಲಾ ಡೊಮೇನ್ ಡಿಲೀಟ್ ಆಗೋವರೆಗೆ ಕಾದು ಹೊಸದಾಗಿ ಕೊಂಡುಕೊಳ್ಳಲಾ?

ದಯವಿಟ್ಟು ಕಾಯಬೇಡಿ. ಹಾಸನದ ನಮ್ಮ ಪ್ರಿಂಟಿಂಗ್ ಪ್ರೆಸ್‌ಗೆ ಇದೇ ಗತಿ ಬಂದಿತ್ತು. ಲಗ್ನಪತ್ರಿಕೆಯ ಪ್ರೂಫ್ ತಿದ್ದಿ ಕಳಿಸಿದ ಗಿರಾಕಿಯೊಬ್ಬರು ಫೋನ್ ಮಾಡಿ, "ಸಾರ್, ನಿಮಗೆ ಹಾಕಿದ ಮೇಲ್ ವಾಪಸ್ ಬರ್ತಿದೆ" ಅಂದಾಗಲೇ ನಮಗೆ ಗೊತ್ತಾಗಿದ್ದು. ಆಟೋ ರಿನ್ಯೂ ಆನ್ ಇತ್ತು. ಆದರೆ 2021ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಬಂದಮೇಲೆ, ಇಲ್ಲಿಯ ಕಾರ್ಡ್‌ಗಳಿಂದ ಪ್ರತಿವರ್ಷ ತಾನಾಗಿ ದುಡ್ಡು ಕಡಿತವಾಗುವುದು ಎಷ್ಟೋ ಕಡೆ ನಿಂತುಹೋಯಿತು. ನಮ್ಮದೂ ಹಾಗೇ ನಿಂತಿತ್ತು. ರಿಜಿಸ್ಟ್ರಾರ್ ಕಳಿಸಿದ ಎಚ್ಚರಿಕೆಗಳೆಲ್ಲ ಪ್ರೆಸ್‌ನ info ವಿಳಾಸಕ್ಕೇ ಹೋಗಿದ್ದವು. ಆರ್ಡರ್ ಮೇಲ್‌ಗಳ ನಡುವೆ ಯಾರೂ ನೋಡಲಿಲ್ಲ.

ನಾನು ಕೆಟ್ಟಿದ್ದು ಎಲ್ಲಿ ಅಂದರೆ, ಲಾಗಿನ್ ಹಿಂದೆ ಬಿದ್ದೆ. "ಫರ್ಗಾಟ್ ಪಾಸ್‌ವರ್ಡ್" ಒತ್ತಿದರೆ ಲಿಂಕ್ ಕಳಿಸಿದ್ದೇವೆ ಎಂದು ತೋರಿಸುತ್ತಿತ್ತು. ಇವತ್ತಲ್ಲ ನಾಳೆ ಬರುತ್ತೆ ಅಂತ ದಿನ ಕಳೆದೆ. ಅದು ಬರುವುದು ಸಾಧ್ಯವೇ ಇರಲಿಲ್ಲ. ಮೇಲ್ ಯಾವ ಸರ್ವರ್‌ಗೆ ಹೋಗಬೇಕು ಅನ್ನುವುದು ಡೊಮೇನಿನ ಎಂಎಕ್ಸ್ ರೆಕಾರ್ಡ್‌ನಲ್ಲಿರುತ್ತದೆ. ಆ ರೆಕಾರ್ಡ್ ಇಟ್ಟುಕೊಂಡಿರುವುದು ನೇಮ್‌ಸರ್ವರ್. ಎಕ್ಸ್‌ಪೈರ್ ಆದಮೇಲೆ ರಿಜಿಸ್ಟ್ರಾರ್ ಸಾಮಾನ್ಯವಾಗಿ ನಿಮ್ಮ ನೇಮ್‌ಸರ್ವರ್ ತೆಗೆದು ತನ್ನ ಪಾರ್ಕಿಂಗ್ ನೇಮ್‌ಸರ್ವರ್ ಹಾಕುತ್ತದೆ. ಅಲ್ಲಿ ನಿಮ್ಮ ಎಂಎಕ್ಸ್ ರೆಕಾರ್ಡ್ ಇರುವುದಿಲ್ಲ. ಇದನ್ನು ನೀವೇ ನೋಡಬಹುದು:

```
dig +short NS example.com
dig +short MX example.com
```

ಮೊದಲನೆಯದರಲ್ಲಿ ಗುರುತಿಲ್ಲದ ಹೆಸರು, ಎರಡನೆಯದರಲ್ಲಿ ಖಾಲಿ ಬಂದರೆ ರಿಸೆಟ್ ಬಟನ್ ಮರೆತುಬಿಡಿ.

ಅದಕ್ಕೇ ಹೇಳುತ್ತಿರುವುದು, ನಿಮಗೆ ಈಗ ಬೇಕಾದ್ದು ಅಕೌಂಟ್ ಅಲ್ಲ, ರಿನ್ಯೂವಲ್. ಎರಡೂ ಬೇರೆ ಬೇರೆ ಕೆಲಸ. ಅಕೌಂಟ್ ಕೊಡಬೇಕಾದರೆ ಅವರು ಗುರುತಿನ ಚೀಟಿ, ಜಿಎಸ್‌ಟಿ ಸರ್ಟಿಫಿಕೇಟ್ ಎಲ್ಲ ಕೇಳಿ ನಿಧಾನ ಮಾಡಬಹುದು. ದುಡ್ಡು ತೆಗೆದುಕೊಂಡು ರಿನ್ಯೂ ಮಾಡಲು ಹಲವು ರಿಜಿಸ್ಟ್ರಾರ್‌ಗಳು ಅಷ್ಟೆಲ್ಲ ಕೇಳುವುದಿಲ್ಲ. ಸಪೋರ್ಟ್‌ಗೆ ಫೋನ್ ಮಾಡಿ, "ಅಕೌಂಟ್ ವಿಷಯ ಆಮೇಲೆ ನೋಡೋಣ, ಈ ಡೊಮೇನ್ ರಿನ್ಯೂ ಮಾಡಲು ಪೇಮೆಂಟ್ ಲಿಂಕ್ ಕೊಡಿ" ಎಂದು ಕೇಳಿ. ರಿನ್ಯೂ ಆದಮೇಲೆ ಹಳೆಯ ನೇಮ್‌ಸರ್ವರ್ ವಾಪಸ್ ಬರುತ್ತದೆ. ಮೇಲ್ ಶುರುವಾಗುತ್ತದೆ. ಎಲ್ಲ ಕಡೆ ಸರಿಹೋಗಲು ಎರಡು ದಿನ ಹಿಡಿದರೂ ಹಿಡಿಯಬಹುದು. ಆಮೇಲೆ ಹೊಸದಾಗಿ ರಿಸೆಟ್ ಕೇಳಿ. ಹಳೇ ಲಿಂಕ್‌ಗಳ ಅವಧಿ ಅಷ್ಟೊತ್ತಿಗೆ ಮುಗಿದಿರುತ್ತದೆ.

ಕಸ್ಟಮರ್ ನಂಬರ್ ಕೇಳಿದರೆ ಗಾಬರಿಯಾಗಬೇಡಿ. ನಿಮ್ಮ ಮೇಲ್ ಬೇರೆ ಕಂಪನಿಯ ಸರ್ವರ್‌ನಲ್ಲಿದ್ದರೆ, ಆ ಕಂಪನಿಯ ಲಾಗಿನ್ ಪುಟದಿಂದ ಹಳೆಯ ಮೇಲ್‌ಬಾಕ್ಸ್ ಈಗಲೂ ತೆರೆಯುತ್ತದೆ. ಹೊಸ ಮೇಲ್ ಬರುವುದಿಲ್ಲ ಅಷ್ಟೇ. ಕಸ್ಟಮರ್ ನಂಬರ್ ಇರುವ ಕಳೆದ ವರ್ಷದ ಇನ್‌ವಾಯ್ಸ್ ಅಲ್ಲೇ ಇರುತ್ತದೆ. ನಮ್ಮನ್ನು ಉಳಿಸಿದ್ದು ಆ ಇನ್‌ವಾಯ್ಸೇ.

ಬೇಗ ಮಾಡಿ. ಎಕ್ಸ್‌ಪೈರ್ ಆದ ಡಾಟ್ ಕಾಮ್ ಹೆಸರನ್ನು ರಿಜಿಸ್ಟ್ರಾರ್ ಹೆಚ್ಚೆಂದರೆ 45 ದಿನ ಇಟ್ಟುಕೊಳ್ಳುತ್ತದೆ. ಅಷ್ಟೂ ದಿನ ಇಟ್ಟುಕೊಳ್ಳಲೇಬೇಕು ಅಂತೇನಿಲ್ಲ. ಆಮೇಲೆ 30 ದಿನ ರಿಡೆಂಪ್ಶನ್. ಆಗ ರಿನ್ಯೂವಲ್ ದುಡ್ಡಿನ ಹಲವು ಪಟ್ಟು ಹೆಚ್ಚು ಕೊಡಬೇಕು. ನಾನು ಕೊಟ್ಟಿದ್ದೇನೆ. ಕೊನೆಗೆ 5 ದಿನ pendingDelete, ಆಗ ಯಾರ ಕೈಲೂ ಏನೂ ಆಗುವುದಿಲ್ಲ. ಡೊಮೇನ್ ವಿವರ ತೋರಿಸುವ lookup.icann.org ನಲ್ಲಿ ಮುಕ್ತಾಯದ ದಿನಾಂಕ ಮುಂದಿನ ವರ್ಷಕ್ಕೆ ಹೋಗಿದ್ದರೂ ಮೋಸ ಹೋಗಬೇಡಿ. ಮೊದಲ 45 ದಿನದಲ್ಲಿ ದುಡ್ಡು ಕಟ್ಟದಿದ್ದರೂ ಹಾಗೆ ಕಾಣುತ್ತದೆ. ಡೊಮೇನ್ ಯಾವ ಹಂತದಲ್ಲಿದೆ ಅಂತ ತಿಳಿಯಲು ಸ್ಟೇಟಸ್ ಸಾಲನ್ನು ನೋಡಿ.

ಕಾದು ಕೊಳ್ಳುವ ಯೋಚನೆ ನನಗೆ ಸ್ವಲ್ಪವೂ ಇಷ್ಟವಿಲ್ಲ. ಎಷ್ಟೋ ಹೆಸರುಗಳು ಡಿಲೀಟ್ ಆಗುವ ಮೊದಲೇ ಹರಾಜಾಗುತ್ತವೆ. ಬೇರೆಯವರು ಕೊಂಡರೆ ನಿಮ್ಮ info ವಿಳಾಸವನ್ನು ಅವರೇ ಸೃಷ್ಟಿಸಿಕೊಳ್ಳಬಹುದು. ನಿಮಗೆ ಸಿಗದ ರಿಸೆಟ್ ಲಿಂಕ್ ಅವರಿಗೆ ಸಿಗುತ್ತದೆ. ಅದೇ ಅಕೌಂಟ್‌ನಲ್ಲಿ ನಿಮ್ಮ ಬೇರೆ ಡೊಮೇನ್‌ಗಳೂ ಇದ್ದರೆ ಅವೂ ಹೋದವು ಅಂತಲೇ ಅಲ್ವಾ?

ಒಳಗೆ ಹೋದ ತಕ್ಷಣ ಇಮೇಲ್ ಬದಲಿಸಿ. ಎರಡು ಕಡೆ ಬದಲಿಸಬೇಕು. ಲಾಗಿನ್ ಇಮೇಲ್ ಒಂದು, ಡೊಮೇನಿನ ಮಾಲೀಕರದು ಅಂತ ಕೊಟ್ಟಿರುವ ರಿಜಿಸ್ಟ್ರಂಟ್ ಇಮೇಲ್ ಇನ್ನೊಂದು. ಜಿಮೇಲ್‌ನಂತಹ ಹೊರಗಿನ ವಿಳಾಸವನ್ನೇ ಕೊಡಿ, ನಿಮ್ಮದೇ ಇನ್ನೊಂದು ಡೊಮೇನಿನದು ಬೇಡ. ಹೊಸ ವಿಳಾಸಕ್ಕೆ ಒಂದು ವೆರಿಫಿಕೇಶನ್ ಲಿಂಕ್ ಬರುತ್ತದೆ. ಅದನ್ನು 15 ದಿನದೊಳಗೆ ಒತ್ತದಿದ್ದರೆ ಡೊಮೇನ್ ಮತ್ತೆ ಸಸ್ಪೆಂಡ್ ಆಗಬಹುದು.