ಮೈಕ್ ಹಿಡಿದು ಕ್ಷಮೆ ಕೇಳಬೇಕಾ?

ಹಾವೇರಿ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯ ಮುಖ್ಯೋಪಾಧ್ಯಾಯಿನಿ. 60 ತುಂಬಿತ್ತು, ತಿಂಗಳ ಕೊನೆಯ ದಿನ ನಿವೃತ್ತಿ. ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರ ಬದಲಿಸಿ ಬರೆಯುತ್ತಿದ್ದೇನೆ.

ಬೀಳ್ಕೊಡುಗೆಯ ಮಾತು ಬರೆಯೋಕೆ ಕೂತರೆ ನಿದ್ದೆಯೇ ಹೋಗುತ್ತಿದೆ ಎಂದು ನನ್ನ ಬಳಿ ಬಂದಿದ್ದರು. ಬರೆದದ್ದನ್ನು ಓದಿಸಿದೆ. ಮೂರು ಹಾಳೆ ತಮ್ಮ ಸೇವೆಯ ಕಥೆ. ಕೊನೆಗೆ ಒಂದು ಸಾಲು, ‘ಎಲ್ಲ ಸಿಬ್ಬಂದಿಗೂ ಧನ್ಯವಾದ’. ಅದರ ಕೆಳಗೆ ಬರೆದು ಹೊಡೆದುಹಾಕಿದ್ದ ಒಂದು ಪ್ಯಾರಾ. ಅದೇನು ಅಂತ ಕೇಳಿದೆ.

ಹಿಂದೊಮ್ಮೆ ಲ್ಯಾಬಿನ ಬೀಗ ತೆರೆದೇ ಇತ್ತು. ಸಿಪಾಯಿಯನ್ನು ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಬೈದಿದ್ದರು. ತಪ್ಪು ಬೇರೆಯವರದ್ದು ಅಂತ ಆಮೇಲೆ ಗೊತ್ತಾಯಿತು. ಆದರೆ ಇವರು ಬಾಯಿ ಬಿಡಲಿಲ್ಲ. “ಎಲ್ಲರ ಮುಂದ ಬೈದೀನಿ, ಎಲ್ಲರ ಮುಂದನ ಕ್ಷಮಾ ಕೇಳಬೇಕಲ್ರಿ?” ಎಂದರು.

ನ್ಯಾಯವಾದ ಮಾತೇ. ಆದರೆ ಹಾರ ಹಾಕಿಸಿಕೊಂಡವರು ವೇದಿಕೆಯಿಂದ ಕ್ಷಮೆ ಕೇಳಿದರೆ, ಕೆಳಗೆ ಕೂತವನಿಗೆ ‘ಇರಲಿ ಬಿಡ್ರಿ’ ಅನ್ನದೆ ಬೇರೆ ದಾರಿ ಇಲ್ಲ. ಊರಿನವರು, ಮಕ್ಕಳೂ ಇರುತ್ತಾರೆ. ಬೈಸಿಕೊಂಡದ್ದು ಗೊತ್ತಿಲ್ಲದವರಿಗೂ ಗೊತ್ತಾಗುತ್ತದೆ. ಇವರ ಮನಸ್ಸು ಹಗುರಾಗಬಹುದು, ಭಾರ ಸಿಪಾಯಿಯ ಮೇಲೆ ಬೀಳುತ್ತದೆ. ಅದಕ್ಕೆ ಮೊದಲು ಒಬ್ಬರೇ ಹೋಗಿ ಮಾತಾಡಿ ಅಂದೆ. ‘ಆವತ್ತು ಕೆಲಸ ಜಾಸ್ತಿ ಇತ್ತು’ ಅನ್ನೋ ಕಾರಣ ಬೇಡ. ತಪ್ಪು ನನ್ನದು ಅಂತ ಹೇಳಿ, ಇದನ್ನು ಎಲ್ಲಿ ಹೇಳಲಿ ಅಂತ ಅವರನ್ನೇ ಕೇಳಿ.

ಸಿಪಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರಂತೆ: “ಸ್ಟೇಜ್ ಮ್ಯಾಲ ಬ್ಯಾಡ್ರಿ ಅಕ್ಕೋರ. ಸ್ಟಾಫ್ ರೂಮಿನ್ಯಾಗ ಹೇಳ್ರಿ, ಅವರೆಲ್ಲಾ ಇದ್ದಾಗ.” ಮರುದಿನ ಬಿಡುವಿನಲ್ಲಿ ಇವರು ಅಲ್ಲೇ ಎರಡೇ ವಾಕ್ಯದಲ್ಲಿ ಹೇಳಿದರು.

ಆಮೇಲೆ ಭಾಷಣ ಸಲೀಸಾಯಿತು. ಸೇವೆಯ ಕಥೆಯನ್ನು ಅರ್ಧ ಹಾಳೆಗೆ ಇಳಿಸಿದೆವು, ಹೇಗೂ ಸ್ವಾಗತ ಮಾಡುವವರು ಅದನ್ನು ಓದುತ್ತಾರೆ ಅಲ್ವಾ? ಉಳಿದ ಜಾಗದಲ್ಲಿ ಹೆಸರು ಹಿಡಿದು, ತಾವೇ ಕಣ್ಣಾರೆ ಕಂಡ ಒಂದೊಂದು ಕೆಲಸ. ಗಣಿತದ ಮೇಷ್ಟ್ರು ಎಸ್‌ಎಸ್‌ಎಲ್‌ಸಿ ಮಕ್ಕಳಿಗೆ ಶಾಲೆಗೆ ಮುಂಚೆ ತೆಗೆದುಕೊಂಡ ಕ್ಲಾಸು. ಯಾವ ಹುಡುಗಿ ಬಂದಿಲ್ಲ ಅನ್ನೋದನ್ನು ಊಟದ ಸಾಲು ನೋಡಿಯೇ ಗುರುತು ಹಿಡಿದು ಬಂದು ತಿಳಿಸುತ್ತಿದ್ದ ಬಿಸಿಯೂಟದ ಅಕ್ಕ. ಯಾರದ್ದೇ ಕಾಯಿಲೆ, ಸಾಲ, ಮನೆಯ ಕಷ್ಟ ಮೆಚ್ಚುಗೆಯ ನೆಪದಲ್ಲೂ ಬರಬಾರದು ಅಂದೆ. ಅಂಥ ಎರಡು ಸಾಲು ತೆಗೆಸಿದೆ.

ಇನ್ನೊಂದು ತೊಡಕಿತ್ತು. ಬೀಳ್ಕೊಡುಗೆಯ ದಿನ ಅಡುಗೆಯವರು ಹುಗ್ಗಿ ಮಾಡುತ್ತಾ ಒಲೆ ಮುಂದೆಯೇ ಇರುತ್ತಾರೆ. ಅವರಿಗೆ ಹೇಳುವ ಧನ್ಯವಾದ ಅವರ ಕಿವಿಗೆ ಬೀಳುವುದೇ ಇಲ್ಲ. ಅಡುಗೆ ಮುಗಿದ ಮೇಲೆ, ಬಡಿಸುವ ಮೊದಲು ಮಾತು ಇಟ್ಟುಕೊಳ್ಳಿ, ಅವರಿಗೆ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿ ಅಂದೆ. ಅವರ ಹೆಸರುಗಳನ್ನೇ ಮೊದಲು ಓದಲು ಹೇಳಿದೆ. ಕೊನೆಗಿಟ್ಟರೆ ಗಂಟಲು ಕಟ್ಟಿ ಬಿಟ್ಟುಹೋಗುವುದು ಅವೇ.

“ಅಳು ಬಂದ್ರ?” ಎಂದು ಕೇಳಿದರು. ಬರಲಿ. ಮಾತು ನಿಲ್ಲಿಸಿ, ನೀರು ಕುಡಿದು, ಉಸಿರು ನಿಧಾನ ಹೊರಗೆ ಬಿಟ್ಟು, ಚೀಟಿಯ ಮುಂದಿನ ಹೆಸರು ಓದಿ. ಹೆಸರುಗಳನ್ನು ದಪ್ಪ ಅಕ್ಷರದಲ್ಲಿ, ಒಂದೊಂದು ಸಾಲಿಗೆ ಒಂದರಂತೆ ಬರೆಸಿದ್ದು ಇದಕ್ಕೇ.