ಟೊಲುಯಿನ್ ರಿಕವರಿ ಕಡಿಮೆ ಬರುತ್ತಿರುವುದಕ್ಕೆ ಪ್ರತಿಕ್ರಿಯೆ

"ಹೆಡ್‌ಸ್ಪೇಸ್ ಜಿಸಿಯಲ್ಲಿ ಔಷಧದ ಮಾದರಿಯನ್ನು ನೀರಿನಲ್ಲಿ ಕಲಸಿ ಇಡುತ್ತೇನೆ, ಪುಡಿ ಪೂರ್ತಿ ಕರಗುವುದಿಲ್ಲ. ಆಂತರಿಕ ಮಾನಕ 1-ಪ್ರೊಪನಾಲ್. ಅದರ ಪೀಕ್ ಸ್ಥಿರವಾಗಿದೆ, ಆದರೂ ಟೊಲುಯಿನ್ ರಿಕವರಿ ಶೇ 70 ಮಾತ್ರ. ಏಕೆ?"

ಪ್ರೊಪನಾಲ್ ಪೀಕ್ ಸ್ಥಿರವಾಗಿರುವುದೇ ಇಲ್ಲಿ ದೊಡ್ಡ ಸುಳಿವು. ವಯಲ್ ಸೋರಿದ್ದರೆ ಅಥವಾ ಇಂಜೆಕ್ಷನ್ ಪ್ರಮಾಣ ತಪ್ಪಿದ್ದರೆ ಎರಡೂ ಪೀಕ್‌ಗಳು ಕುಗ್ಗುತ್ತಿದ್ದವು, ಟೊಲುಯಿನ್ ಪೀಕ್‌ಗೂ ಪ್ರೊಪನಾಲ್ ಪೀಕ್‌ಗೂ ಇರುವ ಅನುಪಾತ ಅದನ್ನು ಸರಿದೂಗಿಸುತ್ತಿತ್ತು. ನಿಮ್ಮಲ್ಲಿ ಟೊಲುಯಿನ್ ಮಾತ್ರ ಕಾಣೆಯಾಗುತ್ತಿದೆ. ನೀರಿನೊಂದಿಗೆ ಹೊಂದದ ಟೊಲುಯಿನ್ ಕರಗದ ಪುಡಿಗೆ ಅಂಟಿಕೊಳ್ಳುತ್ತಿರಬೇಕು. ಪ್ರೊಪನಾಲ್ ನೀರಿನಲ್ಲೇ ಆರಾಮವಾಗಿ ಉಳಿಯುತ್ತದೆ. ಹೀಗೆ ಸ್ವಭಾವದಲ್ಲೇ ಬೇರೆಯಾದ ಮಾನಕ ಈ ನಷ್ಟಕ್ಕೆ ಸಾಕ್ಷಿಯಾಗಲಾರದು.

ಲೆಕ್ಕವನ್ನೂ ಒಮ್ಮೆ ನೋಡಿಕೊಳ್ಳಿ. ಔಷಧದಲ್ಲಿ ಉಳಿಯಬಹುದಾದ ಟೊಲುಯಿನ್ ಮಿತಿ 890 ಪಿಪಿಎಂ, ಅಂದರೆ ಆ ಮಟ್ಟದಲ್ಲಿ ರಿಕವರಿ ನೋಡಲು 100 ಮಿಗ್ರಾಂ ಮಾದರಿಗೆ 89 ಮೈಕ್ರೊಗ್ರಾಂ ಸೇರಿಸಬೇಕು. ಅಷ್ಟೇ ಟೊಲುಯಿನ್ ಇರುವ ಮಾನಕ ದ್ರಾವಣದ ಅನುಪಾತ 1.20, ಸೇರಿಸದ ಮಾದರಿಯದು 0.30, ಸೇರಿಸಿದ್ದು 1.14 ಎಂದುಕೊಳ್ಳಿ. ವ್ಯತ್ಯಾಸ 0.84, ಅದನ್ನು 1.20ರಿಂದ ಭಾಗಿಸಿದರೆ ಶೇ 70. ಸೇರಿಸದ ಮಾದರಿಯನ್ನು ಕಳೆಯದಿದ್ದರೆ ಶೇ 95 ಎಂಬ ಸುಳ್ಳು ಸಮಾಧಾನ ಸಿಗುತ್ತದೆ.

ಮೊದಲು ಮಾದರಿಯನ್ನು ನೀರಿನ ಬದಲು ಡಿಎಂಎಸ್‌ಒ ದ್ರಾವಕದಲ್ಲಿ ಪೂರ್ತಿ ಕರಗಿಸಿ ನೋಡಿ. ಅದು ಟೊಲುಯಿನ್ ಅನ್ನು ನೀರಿಗಿಂತ ಗಟ್ಟಿಯಾಗಿ ಹಿಡಿದಿಡುವುದರಿಂದ ಪೀಕ್ ಚಿಕ್ಕದಾಗುತ್ತದೆ; ಓವನ್ ತಾಪಮಾನ ಏರಿಸಿ, ಮಿತಿಯ ಮಟ್ಟದಲ್ಲಿ ಸಂವೇದನೆ ಸಾಕೇ ಎಂದು ಪರೀಕ್ಷಿಸಿ. ಜೊತೆಗೆ ಒಂದೇ ಮಾದರಿಯನ್ನು 20, 30, 45 ನಿಮಿಷ ಬಿಸಿಮಾಡಿ ಹೋಲಿಸಿ. ಅನುಪಾತ ಇನ್ನೂ ಏರುತ್ತಿದ್ದರೆ ಸಮತೋಲನ ಬಂದಿಲ್ಲ. ಕರಗಿದ ಮೇಲೂ ರಿಕವರಿ ಏಳದಿದ್ದರೆ, ಮಾದರಿಗೇ ಹಂತಹಂತವಾಗಿ ಟೊಲುಯಿನ್ ಸೇರಿಸಿ ರೇಖೆ ಎಳೆಯುವ ವಿಧಾನಕ್ಕೆ ಹೋಗಿ.